ಬಿದ್ದ ತುತ್ತು ಮತ್ತು ಐದು ಸೆಕೆಂಡಿನ ಲೆಕ್ಕ

(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)

ಇವತ್ತಿನ ವಿಷಯ ಹೇಳಿದಾಗ ಒಂದಿಬ್ಬರು ನಕ್ಕರು. "ಕೆಳಗೆ ಬಿದ್ದದ್ದನ್ನು ತಿನ್ನಬಹುದೇ ಬೇಡವೇ ಅನ್ನೋದಕ್ಕೂ ಒಂದು ಭಾಷಣ ಬೇಕಾ?" ಅಂತ. ನಾನು ಬಹಳ ವರ್ಷ ಕಾಲೇಜಿನಲ್ಲಿ ಆಹಾರದ ಸೂಕ್ಷ್ಮಜೀವಿಗಳ ಬಗ್ಗೆ ಪಾಠ ಮಾಡಿದವಳು. ಪದವಿಗೆ ಬಂದ ಮಕ್ಕಳು ಮೊದಲ ವಾರ ತಪ್ಪದೆ ಕೇಳುತ್ತಿದ್ದ ಪ್ರಶ್ನೆ ಇದೇ. "ಮ್ಯಾಡಮ್, ಫೈವ್ ಸೆಕೆಂಡ್ ರೂಲ್ ನಿಜಾನಾ?" ನಮ್ಮ ಕಾಲದಲ್ಲಿ ಈ ಹೆಸರು ಇರಲಿಲ್ಲ. ಬಿದ್ದ ಚಕ್ಕುಲಿಯನ್ನು ಎತ್ತಿ, ಎರಡು ಸಲ ಉಫ್ ಎಂದು ಊದಿ, ಲಂಗಕ್ಕೆ ಒರೆಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದೆವು. ಈಗಿನ ಮಕ್ಕಳು ಊದುವುದರ ಬದಲು ಎಣಿಸುತ್ತಾರೆ, ಅಷ್ಟೇ ವ್ಯತ್ಯಾಸ.

ಐದು ಸೆಕೆಂಡಿನೊಳಗೆ ಎತ್ತಿದರೆ ಕ್ರಿಮಿ ಹತ್ತುವುದಿಲ್ಲ ಅನ್ನುವುದು ನಿಯಮ. ಇದು ನಿಜವೋ ಸುಳ್ಳೋ ಎಂದು ಒಂದೇ ಮಾತಿನಲ್ಲಿ ಹೇಳಿ ಕೂತುಬಿಡಬಹುದು. ಆದರೆ ಆ ಒಂದು ಮಾತಿನಿಂದ ಅಡುಗೆಮನೆಯಲ್ಲಿ ಏನೂ ಪ್ರಯೋಜನವಿಲ್ಲ. ಅದಕ್ಕೇ ಇದನ್ನು ಅಳೆದು ನೋಡಿದವರು ಏನು ಮಾಡಿದರು ಎಂದು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲು ಸುದ್ದಿಯಾದದ್ದು ಅಮೆರಿಕದ ಒಬ್ಬ ಹೈಸ್ಕೂಲ್ ಹುಡುಗಿಯ ಕೆಲಸ. ಜಿಲಿಯನ್ ಕ್ಲಾರ್ಕ್ ಅಂತ. 2003ರ ಬೇಸಿಗೆಯಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಕಲಿಯಲು ಬಂದಿದ್ದಳು. ಅವಳು ಮೊದಲು ಮಾಡಿದ ಕೆಲಸ ನನಗೆ ತುಂಬಾ ಇಷ್ಟ. ನೇರವಾಗಿ ತಿಂಡಿ ಬೀಳಿಸಲಿಲ್ಲ. ಹತ್ತಿಯ ಕಡ್ಡಿಯಿಂದ ವಿಶ್ವವಿದ್ಯಾಲಯದ ಬೇರೆ ಬೇರೆ ಕಡೆಯ ನೆಲ ಒರೆಸಿ, ಅಲ್ಲಿ ಬ್ಯಾಕ್ಟೀರಿಯಾ ಎಷ್ಟಿದೆ ಎಂದು ನೋಡಿದಳು. ಜನ ಓಡಾಡುವ ಜಾಗದ ನೆಲದಲ್ಲೂ ಎಣಿಸುವಷ್ಟು ಬ್ಯಾಕ್ಟೀರಿಯಾ ಸಿಗಲಿಲ್ಲ! ಒಣ ನೆಲ, ದಿನಾ ಗುಡಿಸಿ ಒರೆಸಿದ ನೆಲ. ಆಮೇಲೆ ಅವಳೇ ಟೈಲ್ಸ್ ಮೇಲೆ ಇ. ಕೋಲಿ ಬ್ಯಾಕ್ಟೀರಿಯಾ ಹಚ್ಚಿ, ಅದರ ಮೇಲೆ ಬಿಸ್ಕತ್ತು ಮತ್ತು ಜೆಲ್ಲಿ ಮಿಠಾಯಿ ಇಟ್ಟಳು. ಐದು ಸೆಕೆಂಡಿನೊಳಗೆ ತೆಗೆದರೂ ಬ್ಯಾಕ್ಟೀರಿಯಾ ಅಂಟಿತ್ತು. 2004ರಲ್ಲಿ ಅವಳಿಗೆ ಇಗ್ ನೊಬೆಲ್ ಸಿಕ್ಕಿತು. ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಪ್ರಶಸ್ತಿ ಅದು. ಪತ್ರಿಕೆಗಳು "ನಿಯಮ ಸುಳ್ಳು" ಎಂದು ಬರೆದವು. ಅವಳು ಕಂಡ ಮೊದಲರ್ಧವನ್ನು, ಎಂದರೆ ನೆಲದಲ್ಲೇ ಏನೂ ಇಲ್ಲದಿದ್ದರೆ ತಿಂಡಿಗೆ ಅಂಟುವುದಾದರೂ ಏನು ಎಂಬುದನ್ನು, ಹೆಚ್ಚಿನವರು ಮರೆತರು. ಈ ಮೊದಲರ್ಧ ಸ್ವಲ್ಪ ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಸರಿಯಾಗಿ, ಹಟ ಹಿಡಿದು ಅಳೆದವರು ರಟ್ಗರ್ಸ್ ವಿಶ್ವವಿದ್ಯಾಲಯದ ಡೊನಾಲ್ಡ್ ಶಾಫ್ನರ್ ಮತ್ತು ರಾಬಿನ್ ಮಿರಾಂಡಾ. 2016ರಲ್ಲಿ ಅವರ ಲೇಖನ ಬಂತು. ಅವರು ನಾಲ್ಕು ಬಗೆಯ ನೆಲ ತೆಗೆದುಕೊಂಡರು: ಸ್ಟೀಲು, ಟೈಲ್ಸ್, ಮರ, ಕಾರ್ಪೆಟ್. ನಾಲ್ಕು ಬಗೆಯ ತಿಂಡಿ: ಕಲ್ಲಂಗಡಿ, ಬ್ರೆಡ್, ಬೆಣ್ಣೆ ಹಚ್ಚಿದ ಬ್ರೆಡ್, ಜೆಲ್ಲಿ ಮಿಠಾಯಿ. ನಾಲ್ಕು ಸಮಯ: ಒಂದು ಸೆಕೆಂಡಿಗೂ ಕಡಿಮೆ, 5 ಸೆಕೆಂಡ್, 30 ಸೆಕೆಂಡ್, 300 ಸೆಕೆಂಡ್. ಸಾಲ್ಮೊನೆಲ್ಲಾ ಹಚ್ಚಿ ಕೆಲಸ ಮಾಡುವುದು ಅಪಾಯ ಎಂದು, ಅದರ ಹಾಗೆಯೇ ಮೇಲ್ಮೈಗೆ ಅಂಟುವ, ಆದರೆ ಅಷ್ಟು ರೋಗಕಾರಕವಲ್ಲದ ಎಂಟರೋಬ್ಯಾಕ್ಟರ್ ಎಂಬ ದಾಯಾದಿಯನ್ನು ಬಳಸಿದರು. ಅದನ್ನು ನೆಲದ ತುಂಡಿಗೆ ಹಚ್ಚಿ ಐದು ಗಂಟೆ ಒಣಗಲು ಬಿಟ್ಟರು. ಆಮೇಲೆ ತಿಂಡಿಯನ್ನು 12.5 ಸೆಂಟಿಮೀಟರ್, ಎಂದರೆ ಸುಮಾರು ಒಂದು ಗೇಣಿಗಿಂತ ಕಡಿಮೆ ಎತ್ತರದಿಂದ ಬೀಳಿಸಿದರು. ಪ್ರತಿಯೊಂದು ಜೋಡಣೆಯನ್ನೂ 20 ಸಲ ಮಾಡಿದರು. ಒಟ್ಟು 2560 ಅಳತೆ. ಮನೆಯಲ್ಲಿ ಒಂದು ಸಲ ತಿಂದು "ನನಗೇನೂ ಆಗಲಿಲ್ಲ" ಎನ್ನುವುದಕ್ಕೂ ಇದಕ್ಕೂ ಇರುವ ಅಂತರ ಇಲ್ಲಿದೆ.

ಏನು ಕಂಡಿತು? ಕಲ್ಲಂಗಡಿಗೆ ಎಲ್ಲಕ್ಕಿಂತ ಹೆಚ್ಚು ಅಂಟಿತು. ಕೆಲವು ಸಲ ನೆಲದ ಮೇಲಿದ್ದ ಬ್ಯಾಕ್ಟೀರಿಯಾದಲ್ಲಿ ಶೇಕಡಾ 97ರವರೆಗೂ ಹಣ್ಣಿಗೆ ಬಂದಿತ್ತು. ಜೆಲ್ಲಿ ಮಿಠಾಯಿಗೆ ಎಲ್ಲಕ್ಕಿಂತ ಕಡಿಮೆ. ಬ್ರೆಡ್ಡಿನ ಆಟ ವಿಚಿತ್ರ, ಒಂದು ಸಲ ಶೇಕಡಾ 0.02, ಇನ್ನೊಂದು ಸಲ 94. ಬೆಣ್ಣೆ ಹಚ್ಚಿದ್ದಕ್ಕೂ ಹಚ್ಚದ್ದಕ್ಕೂ ದೊಡ್ಡ ವ್ಯತ್ಯಾಸ ಬರಲಿಲ್ಲ. ಸಮಯ ಹೆಚ್ಚಾದಂತೆ ಸಾಮಾನ್ಯವಾಗಿ ಅಂಟುವುದೂ ಹೆಚ್ಚಾಯಿತು. ಹಾಗಾಗಿ ಬೇಗ ಎತ್ತುವುದರಲ್ಲಿ ಸ್ವಲ್ಪ ಅರ್ಥವಿದೆ, ನಿಯಮ ಪೂರ್ತಿ ಗಾಳಿಮಾತಲ್ಲ. ಆದರೆ ಒಂದು ಸೆಕೆಂಡು ಕೂಡ ಆಗದೆ ಎತ್ತಿದ ತುಂಡಿಗೂ ಬ್ಯಾಕ್ಟೀರಿಯಾ ಅಂಟಿದ್ದುಂಟು. ಐದು ಸೆಕೆಂಡ್ ಎಂಬ ಗಡಿ ಎಲ್ಲೂ ಇಲ್ಲ. ತಿಂಡಿ ಎಷ್ಟು ಒದ್ದೆ, ನೆಲ ಎಂಥದ್ದು ಎನ್ನುವುದು ಗಡಿಯಾರಕ್ಕೆ ಸಮ, ಇಲ್ಲವೇ ಅದಕ್ಕಿಂತ ಮುಖ್ಯ ಎಂದು ಅವರು ತೀರ್ಮಾನಿಸಿದರು.

ಯಾಕೆ ಹೀಗೆ? ಇಲ್ಲಿ ಮುಖ್ಯ ಪಾತ್ರ ನೀರಿನದು. ಬ್ಯಾಕ್ಟೀರಿಯಾಗೆ ಕಾಲಿಲ್ಲ, ನಮ್ಮ ಚಪಾತಿ ಬಿತ್ತೆಂದು ಓಡಿಬರುವುದಿಲ್ಲ. ಅದು ನೀರಿನ ಜೊತೆ ಸರಿಯುತ್ತದೆ. ಕಲ್ಲಂಗಡಿ ಬಿದ್ದ ಕ್ಷಣದಲ್ಲೇ ಅದರ ರಸ ನೆಲಕ್ಕೆ ಹರಡಿ, ಅಲ್ಲಿ ಒಣಗಿ ಕೂತಿದ್ದ ಬ್ಯಾಕ್ಟೀರಿಯಾವನ್ನು ನೆನೆಸಿ ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಪಾತ್ರೆಗೆ ಅಂಟಿದ ಒಣ ಹಿಟ್ಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಒಂದೇ ಸಲಕ್ಕೆ ಬರುತ್ತದೆ, ಒಣ ಬಟ್ಟೆಯಲ್ಲಿ ಉಜ್ಜಿದರೂ ಪೂರ್ತಿ ಬರುವುದಿಲ್ಲ ಅಲ್ಲವೇ, ಅದೇ ಸಂಗತಿ. ಎರಡನೆಯದು ನೆಲಕ್ಕೆ ತಾಗುವ ಜಾಗ. ಕಾರ್ಪೆಟ್ಟಿನಿಂದ ಬಹಳ ಕಡಿಮೆ ಬಂತು ಎಂದರೆ ಎಲ್ಲರಿಗೂ ಆಶ್ಚರ್ಯ, ನೋಡಲು ಅದೇ ಕೊಳಕು. ಆದರೆ ತಿಂಡಿ ತಾಗುವುದು ನೂಲಿನ ತುದಿಗಳಿಗೆ ಮಾತ್ರ, ಉಳಿದ ಕೊಳೆ ಎಲ್ಲ ಆಳದಲ್ಲಿ. ನಯವಾದ ಟೈಲ್ಸು, ಗ್ರಾನೈಟಿನಂಥ ನೆಲಕ್ಕೆ ಚಪ್ಪಟೆ ತುಂಡು ಬಿದ್ದರೆ ಇಡೀ ತಳ ಅಂಟಿಕೊಳ್ಳುತ್ತದೆ. ಕಣ್ಣಿಗೆ ಫಳಫಳ ಹೊಳೆಯುವ ನೆಲವೇ ಹೆಚ್ಚು ಸುಲಭವಾಗಿ ದಾಟಿಸುತ್ತದೆ. ಊದುವುದರಿಂದ ಕೂದಲು, ಧೂಳು ಹೋಗಬಹುದು. ಒದ್ದೆಯಲ್ಲಿ ಅಂಟಿದ್ದು ಹೋಗುವುದಿಲ್ಲ, ಜೊತೆಗೆ ನಮ್ಮ ಬಾಯಿಯದ್ದೂ ಸ್ವಲ್ಪ ಸೇರುತ್ತದೆ.

ಈಗ ಅದನ್ನೇ ನಮ್ಮ ಮನೆಗೆ ತರೋಣ. ರಟ್ಗರ್ಸ್‌ನವರು ಅಂಗೈಗಿಂತ ಚಿಕ್ಕದಾದ ತುಂಡಿನ ಮೇಲೆ ಸುಮಾರು ಒಂದು ಕೋಟಿ ಬ್ಯಾಕ್ಟೀರಿಯಾ ಹಾಕಿದ್ದರು. ನಮ್ಮ ಹಾಲಿನ ನೆಲದಲ್ಲಿ ಅಷ್ಟಿರುವುದಿಲ್ಲ. ಇಲ್ಲಿ ಕ್ಲಾರ್ಕ್ ಹುಡುಗಿ ಕಂಡದ್ದು ನೆನಪಿಗೆ ಬರಲಿ. ಎಷ್ಟು ಶೇಕಡಾ ಅಂಟಿತು ಎಂಬುದನ್ನು, ನೆಲದಲ್ಲಿ ಎಷ್ಟಿತ್ತು ಎಂಬುದರಿಂದ ಗುಣಿಸಬೇಕು. ಸುಮ್ಮನೆ ಒಂದು ಉದಾಹರಣೆ ಲೆಕ್ಕ ಮಾಡೋಣ. ಚಪ್ಪಲಿ ಬರದ, ಒಣಗಿದ ಕೋಣೆಯ ಟೈಲಿನ ಮೇಲೆ ಆ ಜಾಗದಲ್ಲಿ 50 ಬ್ಯಾಕ್ಟೀರಿಯಾ ಇದೆ ಎಂದುಕೊಳ್ಳಿ. ಕಲ್ಲಂಗಡಿ ಬಿದ್ದು ಹೆಚ್ಚೂಕಡಿಮೆ ಎಲ್ಲವನ್ನೂ ಹೀರಿಕೊಂಡರೂ ಬರುವುದು 50. ಅದರಲ್ಲಿ ಬಹುಪಾಲು ನಮ್ಮ ಚರ್ಮದ್ದು, ಮಣ್ಣಿನದು, ಯಾವ ತೊಂದರೆಯೂ ಮಾಡದಂಥದ್ದು. ಇನ್ನೊಂದು ಕಡೆ, ಸಿಂಕಿನ ಕೆಳಗೆ ಬೆಳಿಗ್ಗೆ ಕೋಳಿ ತೊಳೆದಾಗ ನೀರು ಹನಿದು, ಅದನ್ನು ಅಲ್ಲೇ ಇದ್ದ ಬಟ್ಟೆಯಿಂದ ಒರೆಸಿದ ಜಾಗ. ಅಲ್ಲಿ ಒಂದು ಲಕ್ಷ ಉಳಿದಿದೆ ಎಂದುಕೊಳ್ಳಿ. ಒಣ ಬ್ರೆಡ್ಡಿಗೆ ಶೇಕಡಾ ಒಂದರಷ್ಟೇ ಅಂಟಿದರೂ ಸಾವಿರ. ಅದರಲ್ಲಿ ಸಾಲ್ಮೊನೆಲ್ಲಾ ಇರುವ ಸಾಧ್ಯತೆ ನಿಜವಾದದ್ದು. ಮೊದಲನೆಯದನ್ನು ಐದು ನಿಮಿಷ ಬಿಟ್ಟು ಎತ್ತಿ, ಎರಡನೆಯದನ್ನು ಅರೆ ಸೆಕೆಂಡಿನಲ್ಲಿ ಎತ್ತಿ. ಯಾವುದು ಅಪಾಯ ಎಂದು ಗಡಿಯಾರ ಹೇಳುವುದಿಲ್ಲ.

"ಆದರೆ ಆ ಜಾಗ ಒಣಗಿಹೋಗಿತ್ತಲ್ಲ" ಎಂದು ಕೇಳುತ್ತೀರಿ. ಒಣಗಿದರೆ ಸಾಯುತ್ತದೆ ಎಂದು ನಂಬುವ ಹಾಗಿಲ್ಲ. ಕ್ಲೆಮ್ಸನ್ ವಿಶ್ವವಿದ್ಯಾಲಯದ ಪಾಲ್ ಡಾಸನ್ ಅವರ ತಂಡ 2007ರಲ್ಲಿ ಸಾಲ್ಮೊನೆಲ್ಲಾವನ್ನೇ ಟೈಲ್ಸ್, ಮರ, ಕಾರ್ಪೆಟ್ ಮೇಲೆ ಹಚ್ಚಿ ನೋಡಿತು. ನಾಲ್ಕು ವಾರದವರೆಗೂ ಒಣ ಮೇಲ್ಮೈ ಮೇಲೆ, ತಿಂಡಿಗೆ ದಾಟುವಷ್ಟು ಸಂಖ್ಯೆಯಲ್ಲಿ, ಅದು ಬದುಕಿತ್ತು. ಸಂಖ್ಯೆ ದಿನದಿನಕ್ಕೆ ಇಳಿಯುತ್ತದೆ ನಿಜ, ಆದರೆ ಬೆಳಿಗ್ಗೆ ಚೆಲ್ಲಿದ್ದು ಸಂಜೆಗೆ ಸತ್ತಿರುತ್ತದೆ ಎಂಬ ಧೈರ್ಯ ಬೇಡ.

ಶಾಫ್ನರ್ ಅವರ ಪ್ರಯೋಗಕ್ಕೆ ಒಂದು ಮಿತಿಯೂ ಇದೆ, ಅದನ್ನು ಹೇಳದಿದ್ದರೆ ಅನ್ಯಾಯ. ಅವರು ಅಳೆದದ್ದು ಎಷ್ಟು ದಾಟುತ್ತದೆ ಎಂಬುದನ್ನು. ತಿಂದವರಿಗೆ ಕಾಯಿಲೆ ಬಂತೇ ಎಂದು ಅಲ್ಲ. ದಾಟುವುದಕ್ಕೂ ಕಾಯಿಲೆಗೂ ಮಧ್ಯೆ ಇನ್ನೊಂದು ಲೆಕ್ಕವಿದೆ. ಯಾವ ಕ್ರಿಮಿ, ಎಷ್ಟು, ಯಾರ ಹೊಟ್ಟೆಗೆ? ಆರೋಗ್ಯವಂತರಲ್ಲಿ ಸಾಲ್ಮೊನೆಲ್ಲಾ ಕಾಯಿಲೆ ತರಲು ಸಾಮಾನ್ಯವಾಗಿ ದೊಡ್ಡ ಸಂಖ್ಯೆ ಬೇಕು. ಹೊಟ್ಟೆಯ ಆಮ್ಲ ಬಹಳಷ್ಟನ್ನು ಕೊಲ್ಲುತ್ತದೆ. ಆದರೆ ಆಮಶಂಕೆ ತರುವ ಶಿಗೆಲ್ಲಾಗೆ ಹತ್ತರಿಂದ ನೂರು ಸಾಕಾಗಬಹುದು. ವಾಂತಿಭೇದಿ ತರುವ ನೋರೋವೈರಸ್ಸೂ ಹಾಗೆಯೇ, ನೂರಕ್ಕಿಂತ ಕಡಿಮೆ ಕಣಗಳಲ್ಲೇ ಕೆಲಸ ಮುಗಿಸಬಲ್ಲದು. ಇವೆರಡೂ ಎಲ್ಲಿಂದ ಬರುತ್ತವೆ? ಮನುಷ್ಯರ ಮಲದಿಂದ, ವಾಂತಿಯಿಂದ. ಎಂದರೆ ಬಚ್ಚಲು, ಶೌಚಾಲಯದಿಂದ ಹೊರಬಂದ ಕಾಲು, ಅದೇ ಸ್ಲಿಪ್ಪರ್, ಮಗುವಿಗೆ ಭೇದಿಯಾದ ಮನೆಯ ನೆಲ. ಚಪ್ಪಲಿ ಹೊಸ್ತಿಲಾಚೆ ಬಿಡುವ ನಮ್ಮ ಪದ್ಧತಿ ಇಲ್ಲಿ ನಿಜವಾಗಿ ಉಪಯೋಗದ್ದು. ಆದರೆ ಚಳಿಗಾಲದಲ್ಲಿ ಮನೆಯೊಳಗಿನ ಸ್ಲಿಪ್ಪರ್ ಎಂದು ಹಾಕಿಕೊಂಡು ಅದರಲ್ಲೇ ಬಾತ್‌ರೂಮಿಗೆ ಹೋಗಿ, ಅದರಲ್ಲೇ ಅಡುಗೆಮನೆಗೆ ಬಂದರೆ ಹೊಸ್ತಿಲು ದಾಟಿಸಿದ ಹಾಗೆಯೇ. ಇದನ್ನು ಪುಣೆ, ದೆಹಲಿಯ ನಮ್ಮ ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಯಾರ ಹೊಟ್ಟೆಗೆ ಎನ್ನುವುದನ್ನು ನಾನು ಬಹಳ ಗಟ್ಟಿಯಾಗಿ ಹೇಳುತ್ತೇನೆ. ಅಂಬೆಗಾಲಿಡುವ ಮಗು ದಿನವಿಡೀ ನೆಲದ್ದನ್ನು ಬಾಯಿಗೆ ಹಾಕುತ್ತದೆ, ಅದನ್ನು ತಡೆಯಲಾಗುವುದಿಲ್ಲ. ಆ ನೆಲವನ್ನಷ್ಟೇ ನೋಡಿಕೊಳ್ಳಬಹುದು. ಬಸುರಿಯರು, ವಯಸ್ಸಾದವರು, ಕೀಮೋ ತೆಗೆದುಕೊಳ್ಳುತ್ತಿರುವವರು, ಕಿಡ್ನಿ ಕಸಿ ಆದವರು, ಇವರ ತಟ್ಟೆಗೆ ಬಿದ್ದದ್ದು ಹೋಗಬಾರದು. ಆಮ್ಲ ತಗ್ಗಿಸುವ ಮಾತ್ರೆಯನ್ನು ದಿನಾ ನುಂಗುವ ಹಿರಿಯರೂ ಈ ಸಾಲಿನಲ್ಲಿದ್ದಾರೆ ಎನ್ನುವುದು ಹಲವರಿಗೆ ಹೊಳೆಯುವುದಿಲ್ಲ. ಹೊಟ್ಟೆಯ ಆಮ್ಲ ಎಂಬ ಕಾವಲುಗಾರನನ್ನೇ ರಜೆ ಮೇಲೆ ಕಳಿಸಿದ ಹಾಗೆ. ಬಿದ್ದ ಚಪಾತಿಯನ್ನು ನಾವು ತಿಂದು ಅರಗಿಸಿಕೊಂಡೆವು ಎಂಬುದು ಮಾವನವರ ತಟ್ಟೆಗೆ ಹಾಕಲು ಸಾಕ್ಷಿಯಾಗುವುದಿಲ್ಲ.

ಹಾಗಾದರೆ ಬಿದ್ದಾಗ ಏನು ಮಾಡುವುದು? ನಾನು ಮನೆಯಲ್ಲಿ ಮಾಡುವುದನ್ನು ಹೇಳುತ್ತೇನೆ. ಒಣ ಅವಲಕ್ಕಿ, ಚಕ್ಕುಲಿ, ಬಿಸ್ಕತ್ತು ಹಾಲಿನ ಒಣ ನೆಲಕ್ಕೆ ಬಿದ್ದರೆ, ತಿನ್ನುವವಳು ನಾನೇ ಆದರೆ, ತಿನ್ನುತ್ತೇನೆ. ಎಣಿಸುವುದಿಲ್ಲ. ಸಿಪ್ಪೆ ಇರುವ ಬಾಳೆಹಣ್ಣು, ಕತ್ತರಿಸದ ಸೇಬು ನಲ್ಲಿಯ ಹರಿಯುವ ನೀರಿಗೆ ಹಿಡಿದು ತೊಳೆದರಾಯಿತು. ಕತ್ತರಿಸಿದ ಕಲ್ಲಂಗಡಿ, ಪಪ್ಪಾಯಿ, ಬೇಯಿಸಿದ ಪಲ್ಯ, ಅನ್ನ, ಸಿಹಿ ಕಜ್ಜಾಯವಲ್ಲದ ಒದ್ದೆ ಸಿಹಿಗಳು ಬಿದ್ದರೆ ಬಿಸಾಡುತ್ತೇನೆ. ಕತ್ತರಿಸಿದ ಹಣ್ಣನ್ನು ತೊಳೆದರೆ ಸ್ವಲ್ಪ ಹೋಗುತ್ತದೆ, ಪೂರ್ತಿ ಹೋಗುವುದಿಲ್ಲ. ತಿರುಳಿನ ಸಂದುಗಳಲ್ಲಿ ರಸದ ಜೊತೆಗೇ ಕೂತಿರುತ್ತದೆ. ದೋಸೆ, ಚಪಾತಿ ಬಿದ್ದರೆ ಕಾವಲಿ ಒಲೆ ಮೇಲೇ ಇರುತ್ತದಲ್ಲ, ಬಿದ್ದ ಮಗ್ಗುಲನ್ನು ಚುರುಗುಟ್ಟುವ ಕಾವಲಿಗೆ ಮತ್ತೆ ಹಾಕಿ ಒತ್ತಿ ಚೆನ್ನಾಗಿ ಸುಡುತ್ತೇನೆ. ಬ್ಯಾಕ್ಟೀರಿಯಾ ಮೇಲ್ಮೈ ಮೇಲಷ್ಟೇ ಇರುವುದರಿಂದ ಇದು ಕೆಲಸ ಮಾಡುತ್ತದೆ. ಹೊಸದಾಗಿ ಫಿನಾಯಿಲ್ ಹಾಕಿ ಒರೆಸಿದ ಒದ್ದೆ ನೆಲಕ್ಕೆ ಬಿದ್ದದ್ದನ್ನು ಮಾತ್ರ ಯಾವ ಕಾರಣಕ್ಕೂ ಉಳಿಸುವುದಿಲ್ಲ. ಅಲ್ಲಿ ಕ್ರಿಮಿಯ ಜೊತೆ ರಾಸಾಯನಿಕವೂ ಹತ್ತುತ್ತದೆ, ಸುಟ್ಟರೂ ಹೋಗುವುದಿಲ್ಲ.

ಅನ್ನ ಎಸೆಯುವುದು ಪಾಪ ಎಂದು ಬೆಳೆದವರು ನಾವು. ಬಿದ್ದ ಅಗುಳನ್ನು ಕಾಲಲ್ಲಿ ತುಳಿದರೆ ಅಜ್ಜಿ ಬೈಯುತ್ತಿದ್ದರು, ಎತ್ತಿ ಕಾಗೆಗೋ ಹಸುವಿಗೋ ಹಾಕಿಸುತ್ತಿದ್ದರು. ಗಮನಿಸಿ, ಎತ್ತಿ ನಮ್ಮ ತಟ್ಟೆಗೆ ಮತ್ತೆ ಹಾಕು ಎನ್ನುತ್ತಿರಲಿಲ್ಲ. ಅನ್ನಕ್ಕೆ ಗೌರವ, ತಟ್ಟೆಗೆ ಶುಚಿ, ಎರಡನ್ನೂ ಅವರು ಬೇರೆ ಬೇರೆ ಇಟ್ಟಿದ್ದರು. ಹದಿಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಹಸು ಇಲ್ಲ, ಹಸಿ ಕಸದ ಬುಟ್ಟಿ ಇದೆ.

ಈಗ ಈ ಸಭೆಗೆ ನಿಜವಾಗಿ ಸಂಬಂಧಪಟ್ಟ ಮಾತಿಗೆ ಬರುತ್ತೇನೆ. ನಾವು ಯುಗಾದಿಗೆ, ರಾಜ್ಯೋತ್ಸವಕ್ಕೆ ಬಾಡಿಗೆ ಹಾಲಿನಲ್ಲಿ ಸೇರಿ ಇನ್ನೂರು ಜನಕ್ಕೆ ಅಡುಗೆ ಮಾಡುತ್ತೇವೆ. ಆ ನೆಲ ನಮ್ಮ ಮನೆಯ ನೆಲವಲ್ಲ. ಎಲ್ಲರೂ ಚಪ್ಪಲಿ ಹಾಕಿಕೊಂಡೇ ಓಡಾಡುತ್ತಾರೆ, ಶೌಚಾಲಯದಿಂದ ನೇರ ಅಡುಗೆ ಕೋಣೆಯ ಬಾಗಿಲಿಗೆ. ತರಕಾರಿ ತೊಳೆದ ನೀರಿನಿಂದ ನೆಲ ಸದಾ ಒದ್ದೆ. ಒಂದೇ ಬಟ್ಟೆಯಲ್ಲಿ ನೆಲವೂ ಕಟ್ಟೆಯೂ ಒರೆಸಿರುತ್ತದೆ. ಇಲ್ಲಿ ಬಿದ್ದದ್ದು ಒಬ್ಬರ ಹೊಟ್ಟೆಗೆ ಹೋಗುವುದಿಲ್ಲ, ಪಾತ್ರೆಗೆ ಹೋಗುತ್ತದೆ.

ಕೋಸಂಬರಿಯನ್ನೇ ತೆಗೆದುಕೊಳ್ಳಿ. ಬೆಳಿಗ್ಗೆ ಎಂಟು ಗಂಟೆಗೆ ಸೌತೆಕಾಯಿ ಹೆಚ್ಚುವಾಗ ಒಂದು ಹಿಡಿ ಕೆಳಗೆ ಬಿತ್ತು. ಬೇಗ ಬೇಗ ಎತ್ತಿ ಬೋಗುಣಿಗೆ ಹಾಕಿದರು, ಮೂರು ಸೆಕೆಂಡೂ ಆಗಿರಲಿಲ್ಲ. ಅಂಟಿದ್ದು ಹತ್ತೇ ಹತ್ತು ಸಾಲ್ಮೊನೆಲ್ಲಾ ಎಂದುಕೊಳ್ಳೋಣ. ಆಗಲೇ ತಿಂದಿದ್ದರೆ ಹೆಚ್ಚಿನವರಿಗೆ ಏನೂ ಆಗುತ್ತಿರಲಿಲ್ಲ. ಆದರೆ ನೆನೆದ ಹೆಸರುಬೇಳೆ, ಕಾಯಿತುರಿ, ಸೌತೆಯ ನೀರು, ಮುಂಬೈಯ ಸೆಕೆ. ಅನುಕೂಲ ಸಿಕ್ಕರೆ ಅದು ಅರ್ಧ ಗಂಟೆಗೊಮ್ಮೆ ದುಪ್ಪಟ್ಟಾಗಬಲ್ಲದು. ಹತ್ತು ಇಪ್ಪತ್ತಾಗುತ್ತದೆ, ನಲವತ್ತಾಗುತ್ತದೆ. ಮಧ್ಯಾಹ್ನ ಎರಡಕ್ಕೆ ಎಲೆ ಹಾಕುವ ಹೊತ್ತಿಗೆ ಹನ್ನೆರಡು ಸಲ ದುಪ್ಪಟ್ಟು, ಎಂದರೆ 40,960. ಹೊಸ ಜಾಗಕ್ಕೆ ಹೊಂದಿಕೊಳ್ಳಲು ಅದಕ್ಕೂ ಸ್ವಲ್ಪ ಹೊತ್ತು ಬೇಕಾಗುವುದರಿಂದ ನಿಜದಲ್ಲಿ ಇಷ್ಟಾಗದಿರಬಹುದು. ನಿಂಬೆರಸ ಹಿಂಡಿದ್ದರೆ ಇನ್ನೂ ನಿಧಾನ. ಆದರೂ ದಾರಿ ಯಾವ ಕಡೆಗೆ ಎಂಬುದು ತಿಳಿಯುತ್ತದೆ. ರುಚಿ, ವಾಸನೆ, ಬಣ್ಣ ಯಾವುದರಲ್ಲೂ ಗೊತ್ತಾಗುವುದಿಲ್ಲ. ಹಳಸಿದ ವಾಸನೆ ತರುವ ಬ್ಯಾಕ್ಟೀರಿಯಾಗಳೇ ಬೇರೆ, ಕಾಯಿಲೆ ತರುವವೇ ಬೇರೆ. ಊಟವಾಗಿ ಸಾಮಾನ್ಯವಾಗಿ ಆರು ಗಂಟೆಯಿಂದ ಮೂರು ದಿನದೊಳಗೆ ಜ್ವರ, ಹೊಟ್ಟೆನೋವು, ಭೇದಿ ಶುರುವಾಗುತ್ತದೆ. ಅಷ್ಟು ಹೊತ್ತಿಗೆ ಎಲ್ಲರೂ ಹಿಂದಿನ ರಾತ್ರಿ ಹೊರಗೆ ತಿಂದ ಪಾನಿಪುರಿಯನ್ನು ಬೈಯುತ್ತಿರುತ್ತಾರೆ.

ಅದಕ್ಕೆ ನನ್ನ ಕೋರಿಕೆ ಇಷ್ಟೇ. ಸಂಘದ ಅಡುಗೆಯಲ್ಲಿ ಬೇಯಿಸದೆ ಬಡಿಸುವ ಯಾವುದೇ ಪದಾರ್ಥ ಕೆಳಗೆ ಬಿದ್ದರೆ ಅದು ಕಸ. ಕೋಸಂಬರಿ, ಹಣ್ಣಿನ ರಸಾಯನ, ಚಟ್ನಿಗೆ ಇಟ್ಟ ಕೊತ್ತಂಬರಿ, ಎಲ್ಲ. ಇನ್ನೂ ಕುದಿಯಲಿರುವ ಸಾಂಬಾರಿಗೆ ಹಾಕುವ ಕುಂಬಳದ ಹೋಳು ಬಿದ್ದರೆ ತೊಳೆದು ಹಾಕಿ, ಅದು ಹೇಗೂ ಚೆನ್ನಾಗಿ ಬೇಯುತ್ತದೆ. ಬಿದ್ದದ್ದನ್ನು ಎತ್ತಿದ ಕೈಯನ್ನು ಸೋಪಿನಲ್ಲಿ ತೊಳೆಯದೆ ಮತ್ತೆ ಹೆಚ್ಚಲು ಕೂರಬೇಡಿ. ಚೂರನ್ನು ಎಸೆದು ಕೈಯನ್ನು ಹಾಗೇ ಇಟ್ಟುಕೊಂಡರೆ ನೆಲದ್ದು ಬೋಗುಣಿಗೆ ಬಂದೇ ಬರುತ್ತದೆ.

ಸೌಟಿನ ವಿಷಯ ಯಾರೂ ಯೋಚಿಸುವುದಿಲ್ಲ. ತಿಂಡಿ ಬಿದ್ದರೆ "ಅಯ್ಯೋ" ಎನ್ನುವವರು, ಮೊಸರನ್ನದ ಸೌಟು ಜಾರಿ ನೆಲಕ್ಕೆ ಬಿದ್ದರೆ ಸೆರಗಿಗೆ ಒರೆಸಿ ಮತ್ತೆ ಪಾತ್ರೆಗೆ ಇಳಿಸುತ್ತಾರೆ. ಸೌಟು ಒದ್ದೆ, ನಯ, ನೆಲಕ್ಕೆ ಚಪ್ಪಟೆಯಾಗಿ ತಾಗುವಂಥದ್ದು. ಶಾಫ್ನರ್ ಅವರ ಪ್ರಯೋಗದ ಕಲ್ಲಂಗಡಿಯ ಗುಣವೆಲ್ಲ ಅದಕ್ಕಿದೆ, ಮತ್ತು ಅದು ಇಡೀ ಪಾತ್ರೆಯೊಳಗೆ ಮುಳುಗುತ್ತದೆ. ಈ ಸಲದ ಊಟಕ್ಕೆ ಪ್ರತಿ ಪಾತ್ರೆಗೆ ಎರಡು ಸೌಟು ತರೋಣ, ಮತ್ತು ಬಿದ್ದ ಸೌಟುಗಳಿಗೆಂದೇ ಸಿಂಕಿನ ಪಕ್ಕ ಒಂದು ಖಾಲಿ ಬಕೆಟ್ ಇಡೋಣ. ಅದನ್ನು ತರುವ ಜವಾಬ್ದಾರಿ ನನ್ನದು. ಪ್ರಶ್ನೆಗಳಿದ್ದರೆ ಕೇಳಿ, ಕಾಫಿಗೆ ಇನ್ನೂ ಹತ್ತು ನಿಮಿಷ ಇದೆಯಂತೆ.